ವೈಫೈ ಮ್ಯಾಲ ಎಲ್ಲಾ ನಡೀತದ, ಸಿಮ್ ನೆಟ್ ಹಚ್ಚಿದ್ರ ಕೆಲವು ಆಪ್ ಯಾಕ ಓಡಂಗಿಲ್ಲ?

"ಸರ್, ಮನ್ಯಾಗ ವೈಫೈ ಅದ, ಅಲ್ಲಿ ಫೋನ್ ಮಸ್ತ್ ನಡೀತದ. ಅಂಗಡಿಗಿ ಬಂದು ಸಿಮ್ ನೆಟ್ ಚಾಲೂ ಮಾಡಿದ್ರ ವಾಟ್ಸಾಪ್ ತೆರೆದ ಮ್ಯಾಲೇ ಮೆಸೇಜ್ ಬರ್ತಾವ. ಪೇಮೆಂಟ್ ಆಪ್ ಅಂತೂ ತೆರೆದ್ರೂ ಸುಮ್ನ ತಿರುಗಿ ತಿರುಗಿ ನೆಟ್ ಇಲ್ಲ ಅಂತದ. ಕ್ರೋಮ್, ಯೂಟ್ಯೂಬ್ ಮಾತ್ರ ಓಡ್ತಾವ. ರೀಚಾರ್ಜ್ ಅದ, ಟವರ್ ಫುಲ್ ಅದ. ರೆಡ್ಮಿ ಫೋನ್, ಎರಡು ಸಿಮ್. ಮೊಬೈಲ್ ಅಂಗಡಿಯವರು ಸಿಮ್ ಬದಲು ಮಾಡ್ಸು ಅಂತಾರ. ಮಾಡ್ಸಲೇನ್ರಿ?" (ಸೂಪರ್ ಮಾರ್ಕೆಟ್, ಕಲಬುರಗಿ)

ಬ್ಯಾಡ್ರಿ, ಸಿಮ್ ಮುಟ್ಟಬ್ಯಾಡ್ರಿ. ಸಿಮ್ ಕೆಟ್ಟಿದ್ರ ಕ್ರೋಮ್ ಹ್ಯಾಂಗ ಓಡ್ತಿತ್ತು? ಸಿಮ್ ಆಗ್ಲಿ ಟವರ್ ಆಗ್ಲಿ ಈ ಆಪ್‌ಗೆ ಕೊಡ್ತೀನಿ ಆ ಆಪ್‌ಗೆ ಕೊಡಂಗಿಲ್ಲ ಅಂತ ಆರಿಸ್ಕೋತ ಕೂಡಂಗಿಲ್ಲ, ಒಂದು ಆಪಿಗೆ ನೆಟ್ ಸಿಕ್ಕು ಇನ್ನೊಂದಕ್ಕ ಸಿಗ್ಲಿಲ್ಲ ಅಂದ್ರ ಆ ತಡೆ ನೂರಕ್ಕ ತೊಂಬತ್ತು ಪಾಲು ನಿಮ್ಮ ಫೋನಿನ ಸೆಟ್ಟಿಂಗ್‌ದಾಗೇ ಇರ್ತದ. ಇನ್ನ ನಿಮ್ಮ ಪ್ರಶ್ನಿ ಓದಿದ್ರ ನನಗ ಕಾಣೋದು ಒಂದು ತೊಂದ್ರಿ ಅಲ್ಲ, ಎರಡು. ವಾಟ್ಸಾಪ್‌ದ್ದು ಒಂದು ಬೀಗ, ಪೇಮೆಂಟ್ ಆಪ್‌ದ್ದು ಇನ್ನೊಂದು ಬೀಗ. ಭಾಳ ಮಂದಿ ಡೇಟಾ ಸೇವರ್ ಬಂದ್ ಮಾಡಿ, ವಾಟ್ಸಾಪ್ ಸರಿ ಆಯ್ತು ಆದ್ರ ಆ ಪೇಮೆಂಟ್ ಆಪ್ ಇನ್ನೂ ಹಂಗೇ ಅದ ಅಂತ ಮತ್ತ ತಲಿ ಕೆಡಿಸ್ಕೋತಾರ, ಅದು ಇದೇ ಕಾರಣಕ್ಕ.

ಮೊದಲ ಫೋನ್ ನೆಟ್ಟನ್ನ ಹ್ಯಾಂಗ ನೋಡ್ತದ ಅನ್ನೋದು ಹೇಳ್ತೀನಿ. ಆಂಡ್ರಾಯ್ಡ್ ಲೆಕ್ಕದಾಗ ನೆಟ್ ಎರಡು ನಮೂನಿ, ಒಂದು ಮೀಟರ್ ಇದ್ದದ್ದು, ಇನ್ನೊಂದು ಇಲ್ಲದ್ದು. ಸಿಮ್ ನೆಟ್ ಸಾಮಾನ್ಯವಾಗಿ ಮೀಟರ್ ಇದ್ದದ್ದು ಅಂತ ಹಿಡೀತದ, ಮನಿ ವೈಫೈ ಮೀಟರ್ ಇಲ್ಲದ್ದು. ಡೇಟಾ ಸೇವರ್ ಅನ್ನೋದು 2016ರಾಗ ಆಂಡ್ರಾಯ್ಡ್ 7ರ ಜೊತಿ ಬಂತು, ಅದರ ಕೆಲಸ ಇಷ್ಟೇ: ಮೀಟರ್ ಇದ್ದ ನೆಟ್ ಮ್ಯಾಲ ಇದ್ದಾಗ, ಪರದೆ ಮ್ಯಾಲ ಇಲ್ಲದ ಆಪ್‌ಗಳಿಗಿ ನೆಟ್ ಕೊಡಬ್ಯಾಡ. ಪರದೆ ಮ್ಯಾಲ ಇಲ್ಲದ, ಅಂದ್ರ ನೀವು ಈಗ ತೆರೆದು ನೋಡ್ಲತ್ತಿಲ್ಲ, ಹಿಂದ ಕೂತು ತನ್ನಷ್ಟಕ್ಕ ಕೆಲಸ ಮಾಡೋ ಆಪ್. ನೀವು ಆ ಆಪ್ ತೆರೆದ ಕ್ಷಣಕ್ಕ ಅದಕ್ಕ ನೆಟ್ ಬಿಡ್ತದ. ಅದಕ್ಕೇ ನಿಮ್ಮ ವಾಟ್ಸಾಪ್ ತೆರೆದ ಕೂಡ್ಲೆ ಮೆಸೇಜ್ ಒಮ್ಮೆಲೆ ದಬದಬ ಬಂದು ಬೀಳ್ತಾವ, ಮೊಬೈಲ್ ಕಿಸೆದಾಗ ಇದ್ದಾಗ ಒಂದೂ ಬರಂಗಿಲ್ಲ. ಕೆಲವೊಮ್ಮಿ "ಹೊಸ ಮೆಸೇಜ್ ಇರಬಹುದು" ಅನ್ನೋ ಥರ ಒಂದು ಸಾಲು ಮಾತ್ರ ಮ್ಯಾಲ ಕಾಣ್ತದ, ಯಾರು ಕಳ್ಸ್ಯಾರ ಏನು ಅಂತ ಇರಂಗಿಲ್ಲ. ಅದನ್ನ ನೋಡಿದ್ರಿ ಅಂದ್ರ ಹಿಂದಿನ ನೆಟ್ ಬಂದ್ ಆಗಿರೋದು ಬಹುತೇಕ ಖರೆ.

ಈಗ ಮುಖ್ಯ ಮಾತು. ಡೇಟಾ ಸೇವರ್ ನೀವು ತೆರೆದು ಕೂತಿರೋ ಆಪನ್ನ ಪೂರ್ತಿ ತಡಿಯಂಗಿಲ್ಲ. ಫೋಟೋ ಮುಟ್ಟಿದ ಮ್ಯಾಲೇ ಕಾಣೋದು, ವಿಡಿಯೋ ತನ್ನಷ್ಟಕ್ಕ ಓಡದೇ ಇರೋದು, ಇಂಥಾವು ಆಗ್ತಾವ, ಯಾಕಂದ್ರ ಕೆಲವು ಆಪ್‌ಗಳು ಡೇಟಾ ಸೇವರ್ ಚಾಲೂ ಅದ ಅಂತ ತಿಳಕೊಂಡು ತಾವೇ ಕೈ ಬಿಗಿ ಹಿಡೀತಾವ. ಆದ್ರ ಪರದೆ ಮುಂದ ಇರೋ ಪೇಮೆಂಟ್ ಆಪ್ "ನೆಟ್ ಇಲ್ಲ" ಅಂದ್ರ ಅದು ಡೇಟಾ ಸೇವರ್‌ದ ಕೆಲಸ ಅಲ್ಲ. ಅದು ಆ ಒಂದು ಆಪ್‌ಗೆ ಮಾತ್ರ ಸಿಮ್ ನೆಟ್ ಬಂದ್ ಮಾಡಿರೋ ಬ್ಯಾರೆ ಸ್ವಿಚ್. ಇದು ಗೂಗಲ್‌ದ ಸಾದಾ ಆಂಡ್ರಾಯ್ಡ್‌ದಾಗ ಕಾಣಂಗಿಲ್ಲ, ಶಿಯೋಮಿ, ಒಪ್ಪೋ, ರಿಯಲ್‌ಮಿ ಇಂಥಾ ಕಂಪನಿಗಳು ತಮ್ಮ ಕಡಿಂದ ಹಾಕಿರೋದು. ಹಂಗಾಗಿ ಯೂಟ್ಯೂಬ್‌ದಾಗ ಯಾರೋ ಬ್ಯಾರೆ ಫೋನ್ ಹಿಡಕೊಂಡು ತೋರಿಸಿದ ದಾರಿ ನಿಮ್ಮ ಫೋನಿನಾಗ ಸಿಗಂಗಿಲ್ಲ.

ಹಾಗಾದ್ರ ಯಾವ ಆಪ್‌ಗೆ ಯಾವ ಬೀಗ ಬಿದ್ದದ ಅಂತ ಸೆಟ್ಟಿಂಗ್ ತೆಗಿಯೋಕಿಂತ ಮೊದಲೇ ತಿಳಿಯಬಹುದು, ಅದಕ್ಕೊಂದು ಪರೀಕ್ಷಾ ಅದ, ನಾನು ಯಾವಾಗ್ಲೂ ಇದನ್ನೇ ಮೊದಲ ಮಾಡ್ತೀನಿ. ದೋಸ್ತನ ಆಂಡ್ರಾಯ್ಡ್ ಫೋನಿನಾಗ ಹಾಟ್‌ಸ್ಪಾಟ್ ಚಾಲೂ ಮಾಡಿಸ್ರಿ, ನಿಮ್ಮ ಫೋನ್ ಅದಕ್ಕ ಕೂಡಿಸ್ರಿ. ನೋಡಾಕ ಇದು ವೈಫೈ, ಆದ್ರ ಆಂಡ್ರಾಯ್ಡ್ ಹಾಟ್‌ಸ್ಪಾಟ್ ಕೊಡೋ ಫೋನ್ "ನಾನು ಮೀಟರ್ ಇದ್ದ ನೆಟ್" ಅಂತ ಒಂದು ಗುರುತು ಕಳಸ್ತದ, ನಿಮ್ಮ ಫೋನ್ ಅದನ್ನ ಓದಿ ಸಿಮ್ ನೆಟ್ಟಿನಂಗೇ ಲೆಕ್ಕ ಹಿಡೀತದ. ಹಿಂಗಾಗಿ ಡೇಟಾ ಸೇವರ್ ಹಾಟ್‌ಸ್ಪಾಟ್ ಮ್ಯಾಲೂ ಕೆಲಸ ಮಾಡ್ತದ, ಕಂಪನಿಯವರು ಕೊಟ್ಟ ಆ ಬ್ಯಾರೆ ಸ್ವಿಚ್ ಮಾಡಂಗಿಲ್ಲ, ಅದು ಬರೇ ಸಿಮ್ಮಿಗಿ ಸಂಬಂಧಪಟ್ಟದ್ದು. ಹಾಟ್‌ಸ್ಪಾಟ್ ಮ್ಯಾಲ ಕಿಸೆದಾಗಿನ ವಾಟ್ಸಾಪ್ ಇನ್ನೂ ಸುಮ್ನೇ ಕೂತದ ಅಂದ್ರ ಡೇಟಾ ಸೇವರ್ ಇಲ್ಲಾ ಹಿಂದಿನ ನೆಟ್ಟಿನ ತಡೆ. ಹಾಟ್‌ಸ್ಪಾಟ್ ಮ್ಯಾಲ ಪೇಮೆಂಟ್ ಆಪ್ ಸರಳ ತೆರೀತು, ನಿಮ್ಮ ಸಿಮ್ ಮ್ಯಾಲ ತೆರಿಯಂಗಿಲ್ಲ ಅಂದ್ರ ಆಪ್‌ದ್ದು ಸಿಮ್ ನೆಟ್ ಬಂದ್ ಆಗ್ಯದ. ಒಂದು ಮಾತು ನೆನಪಿಡ್ರಿ, ದೋಸ್ತನ ಫೋನಿನಾಗ ಡೇಟಾ ಸೇವರ್ ಚಾಲೂ ಇದ್ರ ಅಂವನ ಹಾಟ್‌ಸ್ಪಾಟೇ ಹತ್ತಂಗಿಲ್ಲ, ಆಗ ಅಂವನ ಫೋನೂ ಕೆಟ್ಟದ ಅಂತ ಹೊಸಾ ರಗಳಿ ಚಾಲೂ ಆಗ್ತದ. ಮತ್ತ ಸಣ್ಣ ವೈಫೈ ಡಾಂಗಲ್ ಇಟ್ಕೊಂಡಿರ್ತಾರಲ್ಲ, ಒಳಗ ಸಿಮ್ ಹಾಕಿದ್ದು, ಅದರ ಮ್ಯಾಲ ಈ ಪರೀಕ್ಷಾ ಮಾಡಬ್ಯಾಡ್ರಿ, ಅದನ್ನ ಫೋನ್ ಸಾಮಾನ್ಯವಾಗಿ ಮನಿ ವೈಫೈ ಅಂತೇ ತಿಳೀತದ.

ಎರಡು ಸಿಮ್ ಅಂದ್ರಲ್ಲ, ಅದಕ್ಕ ನನಗ ನೆಹರು ಗಂಜ್‌ನ ಒಬ್ಬ ತೊಗರಿ ವ್ಯಾಪಾರಿಯದ್ದು ನೆನಪಾಯ್ತು, ನಿಮ್ಮದೂ ಅದೇ ಇರಬಹುದು. ಅವರದೂ ರೆಡ್ಮಿ, ಎರಡು ಸಿಮ್. ಒಂದನೇ ಸಿಮ್ಮಿನಾಗ ದಿನಕ್ಕ ಇಷ್ಟು ಜಿಬಿ ಅಂತ ಪ್ಯಾಕ್, ಎರಡನೇದು ಬರೇ ಕಾಲ್ ಬರಲಿ ಅಂತ ಸಣ್ಣ ಪ್ಯಾಕ್. ಸೀಜನ್ ಟೈಮಿನಾಗ ಲೋಡ್ ಫೋಟೋ, ಕಾಟಾ ಚೀಟಿ ಫೋಟೋ ಅಂತ ಕಳಿಸಿ ಕಳಿಸಿ ಮಧ್ಯಾಹ್ನಕ್ಕೇ ಒಂದನೇ ಸಿಮ್ಮಿನ ಆ ದಿನದ ಡೇಟಾ ಖಾಲಿ ಆಗ್ತಿತ್ತು, ಆಮ್ಯಾಲ ಎರಡನೇ ಸಿಮ್ಮಿಗಿ ಡೇಟಾ ಹಾಕ್ಸಿ ಅದಕ್ಕ ತಿರುಗಿಸ್ತಿದ್ರು. ತಿರುಗಿಸಿದ ಕೂಡ್ಲೆ ಪೇಮೆಂಟ್ ಆಪ್ ಬಂದ್. ಮನಿಗಿ ಹೋಗಿ ವೈಫೈ ಹಚ್ಚಿದ್ರ ಚಾಲೂ. ಎರಡನೇ ಕಂಪನಿಯ ಸರ್ವರ್ರೇ ಸರಿ ಇಲ್ಲ ಅಂತ ನಂಬರ್ ಪೋರ್ಟ್ ಮಾಡ್ಸಾಕ ತಯಾರಾಗಿದ್ರು.

ಹಾಟ್‌ಸ್ಪಾಟ್ ಪರೀಕ್ಷಾದಾಗ ಪೇಮೆಂಟ್ ಆಪ್ ತೆರೀತು, ವಾಟ್ಸಾಪ್ ಮಾತ್ರ ತಡಾನೇ. ಆಮ್ಯಾಲ ಡೇಟಾ ಒಂದನೇ ಸಿಮ್ಮಿಗಿ ತಿರುಗಿಸಿ ನೋಡಿದ್ವಿ. ಆ ದಿನದ ಡೇಟಾ ಮುಗಿದಿತ್ತು, ನೆಟ್ ನಿಧಾನ ಇತ್ತು, ಆದ್ರೂ ಪೇಮೆಂಟ್ ಆಪ್ ಕುಂಟ್ಕೋತ ತೆರೀತು! ಅಂದ್ರ ತಡೆ ಬರೇ ಎರಡನೇ ಸಿಮ್ಮಿಗಿ. ಆಪ್‌ದ ಚಿಹ್ನಿ ಮ್ಯಾಲ ಬೆರಳು ಒತ್ತಿ ಹಿಡಿದು App info ತೆಗೆದು ಕೆಳಗ ಹೋದ್ರ Restrict data usage ಅಂತ ಒಂದು ಸಾಲು ಇರ್ತದ, ಅದನ್ನ ಮುಟ್ಟಿದ್ರ ವೈಫೈಗಿ ಒಂದು, ಒಂದನೇ ಸಿಮ್ಮಿಗಿ ಒಂದು, ಎರಡನೇ ಸಿಮ್ಮಿಗಿ ಒಂದು ಟಿಕ್ ಮಾಡೋ ಡಬ್ಬಿ ಬರ್ತಾವ. ಅವರದ್ರಾಗ ಎರಡನೇ ಸಿಮ್ಮಿಂದು ಖಾಲಿ ಇತ್ತು. ಎಂದೋ ಆ ಸಿಮ್ಮಿನಾಗ ಚೂರು ಡೇಟಾ ಇದ್ದಾಗ ಉಳೀಲಿ ಅಂತ ಅವರ ಮಗಾನೇ ಒಂದಷ್ಟು ಆಪ್‌ಗಳ ಟಿಕ್ ತೆಗೆದಿದ್ದ, ಆಮ್ಯಾಲ ಮನಿ ಮಂದಿ ಎಲ್ಲಾ ಮರ್ತಿದ್ರು.

ಇಲ್ಲೊಂದು ಗೋಟಾಳಾ ಅದ, ಭಾಳ ಮಂದಿ ಇಲ್ಲೇ ಉಲ್ಟಾ ಮಾಡ್ತಾರ. ಸಾಲಿನ ಹೆಸರು ತಡೆ ಹಾಕೋದು ಅಂತ ಇದ್ರೂ ರೆಡ್ಮಿದಾಗ ಆ ಡಬ್ಬಿದಾಗ ಟಿಕ್ ಇತ್ತು ಅಂದ್ರ ನೆಟ್ ಕೊಟ್ಟಂಗ, ಟಿಕ್ ಇಲ್ಲ ಅಂದ್ರ ತಡೆ. ಒಪ್ಪೋ, ರಿಯಲ್‌ಮಿದಾಗ ಪೂರ್ತಿ ವಿರುದ್ಧ, ಅಲ್ಲಿ App info ಒಳಗ Data usage ತೆಗೆದ್ರ Disable mobile data ಅಂತ ಸ್ವಿಚ್ ಇರ್ತದ, ಅದು ಚಾಲೂ ಇತ್ತು ಅಂದ್ರ ನೆಟ್ ಬಂದ್. ರೆಡ್ಮಿ ಬಿಟ್ಟು ರಿಯಲ್‌ಮಿ ತಗೊಂಡವರು ರೂಢಿ ಪ್ರಕಾರ ಎಲ್ಲಾ ಚಾಲೂ ಮಾಡಿ ಕೂತು, ಎಲ್ಲಾ ಆಪ್ ಬಂದ್ ಮಾಡ್ಕೊಂಡದ್ದೂ ನೋಡೀನಿ. ಮೆನುವಿನ ಹೆಸರು ಫೋನಿನ ಆವೃತ್ತಿಗಿ ತಕ್ಕಂಗ ಸ್ವಲ್ಪ ಹಿಂದ ಮುಂದ ಇರ್ತಾವ, ಸಿಗ್ಲಿಲ್ಲ ಅಂದ್ರ ಸೆಟ್ಟಿಂಗ್ಸ್ ಮ್ಯಾಲಿರೋ ಹುಡುಕೋ ಜಾಗಾದಾಗ data usage ಅಂತ ಹೊಡೀರಿ.

ನಿಮ್ಮ ಪೇಮೆಂಟ್ ಆಪ್‌ದ್ದು ಹಿಂಗ ನೋಡ್ರಿ. ಎರಡೂ ಸಿಮ್ಮಿನ ಡಬ್ಬಿಗಿ ಟಿಕ್ ಹಾಕಿ, ಆಪ್‌ನ Force stop ಮಾಡಿ, ವೈಫೈ ಬಂದ್ ಮಾಡಿ ಮತ್ತ ತೆರೀರಿ. Force stop ಮಾಡಿದ್ರ ರೊಕ್ಕದ ಲೆಕ್ಕ ಏನೂ ಹೋಗಂಗಿಲ್ಲ, ಅಂಜಬ್ಯಾಡ್ರಿ. Clear data ಮಾತ್ರ ಒತ್ತಬ್ಯಾಡ್ರಿ, ಅದು ಒತ್ತಿದ್ರ ಮತ್ತ ನಂಬರ್ ಹಾಕಿ ಮೊದಲಿಂದ ರಿಜಿಸ್ಟರ್ ಮಾಡ್ಕೋತ ಕೂಡಬೇಕು, ಅಂಗಡಿದಾಗ ಗಿರಾಕಿ ನಿಂತಾಗ ಅದು ಬ್ಯಾಡಾದ ಕೆಲಸ.

ಇನ್ನ ವಾಟ್ಸಾಪ್‌ದ್ದು. ಸೆಟ್ಟಿಂಗ್ಸ್‌ದಾಗ Data saver ಅಂತ ಹುಡುಕ್ರಿ. ಚಾಲೂ ಇದ್ರ ನಿಮಗ ಎರಡು ದಾರಿ, ಒಂದು ಪೂರ್ತಿ ಬಂದ್ ಮಾಡೋದು, ಇನ್ನೊಂದು ಅದನ್ನ ಚಾಲೂ ಇಟ್ಟು ವಾಟ್ಸಾಪ್‌ಗೆ ಮಾತ್ರ ರಿಯಾಯಿತಿ ಕೊಡೋದು. ದಿನದ ಡೇಟಾ ಮ್ಯಾಲ ನಡಿಯೋರಿಗಿ ನಾನು ಎರಡನೇದೇ ಹೇಳ್ತೀನಿ. ಡೇಟಾ ಸೇವರ್ ಪರದೆ ಒಳಗೇ Unrestricted data ಅಂತ ಪಟ್ಟಿ ಸಿಗ್ತದ, ಸ್ಯಾಮ್ಸಂಗ್ ಇದ್ದವರಿಗಿ Allowed to use data while Data saver on ಅನ್ನೋ ಹೆಸರಿನಾಗ, ಅದ್ರಾಗ ವಾಟ್ಸಾಪ್ ಚಾಲೂ ಮಾಡ್ರಿ. ನೀವು ವ್ಯಾಪಾರಕ್ಕ ವಾಟ್ಸಾಪ್ ಬಿಸಿನೆಸ್ ಇಟ್ಟಿದ್ರ ಅದು ಬ್ಯಾರೆ ಆಪ್, ಅದಕ್ಕೂ ಬ್ಯಾರೆ ಚಾಲೂ ಮಾಡಬೇಕು, ಒಂದಕ್ಕ ಕೊಟ್ಟಿದ್ದು ಇನ್ನೊಂದಕ್ಕ ಹೋಗಂಗಿಲ್ಲ. ರೊಕ್ಕ ಬಂತು ಅಂತ ಫೋನಿನಾಗೇ ಕೂಗಿ ಹೇಳೋ ಬಿಸಿನೆಸ್ ಪೇಮೆಂಟ್ ಆಪ್ ಇದ್ರ ಅದನ್ನೂ ಈ ಪಟ್ಟಿದಾಗ ಹಾಕ್ರಿ, ಯಾಕಂದ್ರ ಅದು ಕೂಗಬೇಕಾದದ್ದು ಪರದೆ ಬಂದ್ ಇದ್ದಾಗೇ.

ಡೇಟಾ ಸೇವರ್ ಬಂದ್ ಇದ್ದೂ ವಾಟ್ಸಾಪ್ ತಡಾ ಆಗ್ಲತ್ತದ ಅಂದ್ರ ಆ ಆಪ್‌ದ ಒಳಗಿನ Background data ಸ್ವಿಚ್ ನೋಡ್ರಿ. ಇದು App info ಒಳಗ ಡೇಟಾದ ಸಾಲು ಮುಟ್ಟಿದ್ರ ಬರ್ತದ. ಡೇಟಾ ಸೇವರ್ ಇಡೀ ಊರಿಗಿ ಹಾಕಿದ ಕರ್ಫ್ಯೂ ಇದ್ದಂಗ, ಇದು ಒಂದೇ ಮನಿ ಬಾಗಿಲಿಗಿ ಹಾಕಿದ್ದು. ಇದು ಬಂದ್ ಇದ್ರ ಡೇಟಾ ಸೇವರ್‌ದ ರಿಯಾಯಿತಿ ಪಟ್ಟಿದಾಗ ಹೆಸರು ಹಾಕಿದ್ರೂ ಉಪಯೋಗ ಇಲ್ಲ, ಮೊದಲ ಇದು ಚಾಲೂ ಆಗಬೇಕು. ಮತ್ತ ಇದು ಯಾರು ಬಂದ್ ಮಾಡಿದ್ರು ಅಂತ ಕೇಳ್ತೀರಿ. ಸಾಮಾನ್ಯ ನಾವೇ. "ಈ ಆಪ್ ಹಿಂದಿಂದ ಭಾಳ ಡೇಟಾ ತಿನ್ಲತ್ತದ, ತಡೀಲೇನು" ಅಂತ ಫೋನ್ ಕೇಳಿದಾಗ ಹೂಂ ಅಂತ ಒತ್ತಿರ್ತೀವಿ. ಡೇಟಾ ಸೇವರ್ ಅಂತೂ ಮ್ಯಾಲಿಂದ ಎಳೆಯೋ ಪಟ್ಟಿದಾಗ ಟಾರ್ಚ್, ಬ್ಲೂಟೂತ್ ನಡುವೇ ಕೂತಿರ್ತದ, ಸಣ್ಣ ಮಕ್ಕಳ ಕೈಯಾಗ ಫೋನ್ ಕೊಟ್ರ ಅದು ಚಾಲೂ ಆಗದೇ ಇರೋದೇ ಆಶ್ಚರ್ಯ.

ಸರಿ ಆಯ್ತೋ ಇಲ್ಲೋ ನೋಡೋದು ಹ್ಯಾಂಗ ಅಂದ್ರ, ವೈಫೈ ಬಂದ್ ಮಾಡಿ, ವಾಟ್ಸಾಪ್ ಮುಚ್ಚಿ, ಪರದೆ ಆರಿಸಿ ಫೋನ್ ಟೇಬಲ್ ಮ್ಯಾಲ ಇಟ್ಟು ಸ್ವಲ್ಪ ಹೊತ್ತು ಬಿಡ್ರಿ, ಆಮ್ಯಾಲ ಬ್ಯಾರೆ ಫೋನಿಂದ ಒಂದು ಮೆಸೇಜ್ ಹಾಕ್ರಿ. ತೆರೆದ ಕೂಡ್ಲೆ ಪರೀಕ್ಷಾ ಮಾಡಿದ್ರ ತಪ್ಪು ಉತ್ತರ ಬರ್ತದ, ಯಾಕಂದ್ರ ಆಪ್ ಆಗಷ್ಟೇ ಮುಂದ ಇತ್ತು, ಫೋನ್ ಅದನ್ನ ಇನ್ನೂ ಹಿಂದಕ್ಕ ಸರಿಸಿರಂಗಿಲ್ಲ. ಕಳಿಸಿದವರ ಕಡಿ ಎರಡು ಗೀಟು ಬಿತ್ತು ಅಂದ್ರ ನಿಮ್ಮ ಫೋನಿಗಿ ಮುಟ್ಟಿತು ಅಂತ ಅರ್ಥ, ಒಂದೇ ಗೀಟು ನಿಂತ್ರ ಇನ್ನೂ ತಡೆ ಅದ.

ಕೆಲವರು ಇಲ್ಲಿ ಬ್ಯಾಟರಿ ಸೆಟ್ಟಿಂಗ್ ಹಿಡಕೊಂಡು ಗುದ್ದಾಡ್ತಾರ. ಬ್ಯಾಟರಿ ಸೇವರ್, ಆಪ್ ಮಲಗಿಸೋದು ಇವೆಲ್ಲಾ ಹಿಂದಿನ ನೆಟ್ ತಡೀತಾವ ಖರೆ, ಆದ್ರ ಅವು ವೈಫೈ ಸಿಮ್ ಅಂತ ಭೇದ ಮಾಡಂಗಿಲ್ಲ, ಎರಡರ ಮ್ಯಾಲೂ ತಡಾ ಮಾಡ್ತಾವ. ನಿಮಗ ಮನ್ಯಾಗ ವೈಫೈ ಮ್ಯಾಲ ಮೆಸೇಜ್ ಟೈಮಿಗಿ ಬರ್ತಾವ ಅಂದ ಮ್ಯಾಲ ಬ್ಯಾಟರಿ ಕಡಿ ಹೋಗೋ ಕೆಲಸ ಇಲ್ಲ. ಮನ್ಯಾಗ ಚಾರ್ಜಿಗಿ ಹಾಕಿ ಇಟ್ಟಿರ್ತೀರಿ, ಅದಕ್ಕ ಅಲ್ಲಿ ಛಲೋ ನಡೀತದ ಅನ್ನೋ ಅನುಮಾನ ಇದ್ರ ಚಾರ್ಜರ್ ತೆಗೆದು ವೈಫೈ ಮ್ಯಾಲ ಒಮ್ಮಿ ನೋಡ್ರಿ, ಸಾಕು.

ದಿನದ ಡೇಟಾ ಖಾಲಿ ಆದದ್ದೂ ಇದರಂಗೇ ಕಾಣ್ತದ, ಆದ್ರ ಅದರ ಗುರುತು ಬ್ಯಾರೆ. ಡೇಟಾ ಮುಗಿದ್ರ ಎಲ್ಲಾ ಆಪ್ ಒಟ್ಟಿಗೇ ನಿಧಾನ ಆಗ್ತಾವ, ಭಾಳ ಪ್ಯಾಕ್‌ದಾಗ ಸ್ಪೀಡ್ 64 ಕೆಬಿಪಿಎಸ್‌ಗೆ ಇಳೀತದ, ಬರೇ ಅಕ್ಷರದ ಮೆಸೇಜ್ ಹೋಗ್ತದ ಫೋಟೋ ಹೋಗಂಗಿಲ್ಲ, ಯೂಟ್ಯೂಬ್ ಅಂತೂ ಓಡೋದೇ ಇಲ್ಲ. ರಾತ್ರಿ ದಾಟಿದ ಮ್ಯಾಲ ತನ್ನಷ್ಟಕ್ಕ ಸರಿ ಆಗ್ತದ. ನಿಮಗ ಯೂಟ್ಯೂಬ್ ಓಡ್ಲತ್ತದ, ಅದಕ್ಕ ಇದು ಅಲ್ಲ. ಇನ್ನೊಂದು, ಫೋನಿನಾಗೇ Data limit ಅಂತ ಮಿತಿ ಹಾಕಿಟ್ಟಿದ್ರ ಅದು ಮುಟ್ಟಿದ ಕೂಡ್ಲೆ ಸಿಮ್ ನೆಟ್ ಪೂರ್ತಿ ಬಂದ್ ಆಗ್ತದ, ಒಂದೂ ಆಪ್ ಓಡಂಗಿಲ್ಲ. ಅದೂ ನಿಮ್ಮದಲ್ಲ.

ಪ್ಲೇ ಸ್ಟೋರ್ ತೆರೀತದ, ಆಪ್ ಕಾಣ್ತಾವ, ಡೌನ್‌ಲೋಡ್ ಮಾತ್ರ ವೈಫೈ ಬರಲಿ ಅಂತ ಕಾಯ್ಕೋತ ನಿಲ್ತದ ಅಂದ್ರ ಅದು ಫೋನಿನ ತಡೆ ಅಲ್ಲ, ಪ್ಲೇ ಸ್ಟೋರ್ ಒಳಗ App download preference ಅಂತ ಇರ್ತದ, ಅಲ್ಲಿ ವೈಫೈ ಮಾತ್ರ ಅಂತ ಆರಿಸಿರ್ತಾರ. ಐಫೋನ್ ಇದ್ದವರೂ ಕೇಳ್ತಾರ, ಅವರದು ಸರಳ ಅದ, ಸೆಟ್ಟಿಂಗ್ಸ್‌ದಾಗ Mobile Data ತೆಗೆದು ಕೆಳಗ ಬಂದ್ರ ಆಪ್ ಒಂದೊಂದಕ್ಕೂ ಸ್ವಿಚ್ ಇರ್ತದ, ಬಂದ್ ಇರೋ ಆಪ್ ತೆರೆದ್ರ ಮೊಬೈಲ್ ಡೇಟಾ ಬಂದ್ ಅದ ಅಂತ ಫೋನೇ ಬಾಯಿ ಬಿಟ್ಟು ಹೇಳ್ತದ. ಆಂಡ್ರಾಯ್ಡ್ ಅಷ್ಟು ಹೇಳಂಗಿಲ್ಲ, ಆಪ್‌ಗೆ ನೆಟ್ ಇಲ್ಲ ಅಂತಷ್ಟೇ ಗೊತ್ತಾಗ್ತದ, ಅದಕ್ಕೇ ಮಂದಿ ಸಿಮ್ ಕಂಪನಿಗಿ ಬೈಕೋತ ಕೂಡ್ತಾರ.

ಎಷ್ಟೋ ಆಪ್‌ಗಳಿಗಿ ತಡೆ ಬಿದ್ದದ, ಒಂದೊಂದೇ ಹುಡುಕೋದು ಆಗಂಗಿಲ್ಲ ಅಂದ್ರ ಕಡೀ ಉಪಾಯ ಒಂದು ಅದ. ಸೆಟ್ಟಿಂಗ್ಸ್‌ದಾಗ Reset app preferences ಅಂತ ಹುಡುಕಿ ಒತ್ತಿದ್ರ ಹಿಂದಿನ ನೆಟ್ಟಿನ ತಡೆ ಎಲ್ಲಾ ಆಪ್‌ಗಳಿಗಿ ಒಮ್ಮೆಲೆ ತೆಗೀತದ. ಫೋಟೋ, ಮೆಸೇಜ್ ಏನೂ ಅಳಿಯಂಗಿಲ್ಲ. ಆದ್ರ ನೀವು ಬಂದ್ ಮಾಡಿಟ್ಟ ನೋಟಿಫಿಕೇಶನ್‌ಗಳು ಮತ್ತ ಬರ್ತಾವ, ನಿಲ್ಲಿಸಿಟ್ಟ ಆಪ್‌ಗಳು ಎದ್ದು ಕೂಡ್ತಾವ, ಲಿಂಕ್ ಯಾವ ಆಪ್‌ದಾಗ ತೆರಿಯಬೇಕು ಅಂತ ಮತ್ತ ಕೇಳ್ತದ. ಇನ್ನ ರೆಡ್ಮಿದ ಆ ಸಿಮ್ ಟಿಕ್‌ಗಳು ಕಂಪನಿ ತನ್ನದೇ ಜಾಗಾದಾಗ ಇಟ್ಟದ್ದು, ಈ ರೀಸೆಟ್‌ದಿಂದ ಅವು ಸರಿ ಆಗ್ತಾವ ಅಂತ ನಂಬ್ಕೊಂಡು ಕೂಡಬ್ಯಾಡ್ರಿ, ಅವನ್ನ ಕೈಯಿಂದಾನೇ ಹಾಕ್ರಿ. ನಿಮ್ಮದು ಎರಡೇ ಆಪ್, ರೀಸೆಟ್ ಮಟ ಹೋಗೋದು ಬ್ಯಾಡ.

ಎಲ್ಲಾ ಚಾಲೂ ಮಾಡಿದ ಮ್ಯಾಲ ಡೇಟಾ ಜಲ್ದಿ ಖಾಲಿ ಆಗ್ಲತ್ತದ ಅಂತ ನಾಳಿಗಿ ಮತ್ತ ಕೇಳ್ತೀರಿ, ಅದಕ್ಕ ಈಗೇ ಹೇಳಿಬಿಡ್ತೀನಿ. ವಾಟ್ಸಾಪ್‌ದ ಅಕ್ಷರದ ಮೆಸೇಜ್ ಏನೂ ತಿನ್ನಂಗಿಲ್ಲ, ತಿನ್ನೋದು ಗ್ರೂಪ್‌ದಾಗ ಬರೋ ವಿಡಿಯೋ. ವಾಟ್ಸಾಪ್ ಸೆಟ್ಟಿಂಗ್ಸ್‌ದಾಗ Storage and data ತೆಗೆದು, ಮೊಬೈಲ್ ಡೇಟಾ ಮ್ಯಾಲ ಇದ್ದಾಗ ತನ್ನಷ್ಟಕ್ಕ ಏನೇನು ಇಳಿಸ್ಕೋಬೇಕು ಅನ್ನೋದ್ರಾಗ ವಿಡಿಯೋ ಟಿಕ್ ತೆಗೀರಿ, ಫೋಟೋ ಬೇಕಾದ್ರ ಇಡ್ರಿ, ಚೀಟಿ ಫೋಟೋ ಬರ್ತಾವಲ್ಲ. ರೀಲ್ಸ್ ನೋಡೋ ಆಪ್‌ಗಳಿಗಿ, ಶಾಪಿಂಗ್ ಆಪ್‌ಗಳಿಗಿ, ಗೇಮ್‌ಗಳಿಗಿ ಹಿಂದಿನ ನೆಟ್ ಬಂದೇ ಇರ್ಲಿ, ಅವು ತೆರೆದಾಗ ಓಡ್ತಾವ, ತೆರೆಯದಿದ್ದಾಗ ಅವುಗಳಿಂದ ನಿಮಗ ಆಗಬೇಕಾದ್ದು ಏನೂ ಇಲ್ಲ. ಗೂಗಲ್ ಫೋಟೋಸ್ ಬ್ಯಾಕಪ್ ಮೊಬೈಲ್ ಡೇಟಾ ಮ್ಯಾಲ ಹೋಗ್ಲತ್ತದೇನು ಅಂತ ಮಾತ್ರ ಒಮ್ಮಿ ನೋಡ್ರಿ, ಅದೊಂದೇ ಸಾಕು ದಿನದ ಪ್ಯಾಕ್ ಮುಗಿಸಾಕ.

ಪೇಮೆಂಟ್ ಆಪ್‌ದ ಎರಡೂ ಸಿಮ್ ಟಿಕ್ ಹಾಕಿ, ವಾಟ್ಸಾಪ್‌ಗೆ ರಿಯಾಯಿತಿ ಕೊಟ್ಟು, ಹಾಟ್‌ಸ್ಪಾಟ್ ಮ್ಯಾಲೂ ಸಿಮ್ ಮ್ಯಾಲೂ ನೋಡಿದ ಮ್ಯಾಲ ಇನ್ನೂ ಅದೇ ಕತಿ ಇದ್ರ ಫೋನಿನಾಗ ಜಾಹೀರಾತು ತಡಿಯೋ ಆಪ್ ಇಲ್ಲಾ ವಿಪಿಎನ್ ಏನರ ಹಾಕೀರೇನು ನೋಡ್ರಿ, ಅಂಥಾ ಕೆಲವು ಆಪ್‌ಗಳ ಒಳಗೂ ಆಪ್‌ಗೊಂದು ವೈಫೈ ಸ್ವಿಚ್, ಆಪ್‌ಗೊಂದು ಡೇಟಾ ಸ್ವಿಚ್ ಇರ್ತಾವ. ಅದೂ ಇಲ್ಲ ಅಂದ್ರ ಡೇಟಾ ಯಾವ ಸಿಮ್ ಮ್ಯಾಲ ಇದ್ದಾಗ ಯಾವ ಆಪ್ ನಿಂತಿತು, ಪರದೆ ಮ್ಯಾಲ ಇದ್ದಾಗೋ ಇಲ್ಲದಾಗೋ, ಇಷ್ಟು ಬರೆದು ಕಳಸ್ರಿ.